ಔಷಧ ಕುಡಿದ ಕೂಡಲೇ ಮಗು ವಾಂತಿ ಮಾಡಿತು, ಮತ್ತೆ ಕೊಡಬೇಕಾ?

ನಾನು ಮಕ್ಕಳ ವಾರ್ಡ್‌ನಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ಮನೆಗಳಿಂದ ಬರುವ ಫೋನ್‌ಗಳಲ್ಲಿ ತೀರಾ ಮಾಮೂಲಿ ಪ್ರಶ್ನೆ ಇದು: "ಸಿಸ್ಟರ್, ಈಗಷ್ಟೇ ಸಿರಪ್ ಕುಡಿಸಿದೆ, ಎಲ್ಲಾ ಕಕ್ಕಿಬಿಟ್ಟ. ಮತ್ತೆ ಕೊಡ್ಲಾ?" ಹೌದು ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಿಬಿಡಲು ಆಗುವುದಿಲ್ಲ. ಮೂರು ವಿಷಯ ಕೇಳಿಕೊಂಡ ಮೇಲೆಯೇ ನಾನು ಉತ್ತರ ಕೊಡುವುದು. ಕುಡಿಸಿ ಎಷ್ಟು ಹೊತ್ತಾಯ್ತು? ಯಾವ ಔಷಧ? ಮಗು ಈಗ ಹೇಗಿದೆ?

ಮೊದಲು ಹೊತ್ತಿನ ವಿಷಯ. ನುಂಗಿದ ಔಷಧ ಮೊದಲು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಇರುತ್ತದೆ. ರಕ್ತಕ್ಕೆ ಸೇರುವ ಕೆಲಸ ಹೆಚ್ಚಾಗಿ ನಡೆಯುವುದು ಅಲ್ಲಿಂದ ಮುಂದೆ, ಸಣ್ಣ ಕರುಳಿನಲ್ಲಿ. ವಾಂತಿಯಲ್ಲಿ ಬರುವುದು ಹೊಟ್ಟೆಯಲ್ಲಿ ಇನ್ನೂ ಉಳಿದದ್ದು. ಕರುಳಿಗೆ ಇಳಿದ ಔಷಧ ಅಷ್ಟು ಸುಲಭವಾಗಿ ವಾಪಸ್ ಬರುವುದಿಲ್ಲ. ಸಿರಪ್ ನೀರಿನಂತಿರುವುದರಿಂದ ಬೇಗ ಇಳಿಯುತ್ತದೆ. ಮಾತ್ರೆ ಕರಗುವವರೆಗೆ ಅಲ್ಲೇ ಇರುತ್ತದೆ. ಅದಕ್ಕೇ ಸಾಮಾನ್ಯ ಔಷಧಗಳಿಗೆ ನಾವು ಇಟ್ಟುಕೊಂಡಿರುವ ಗಡಿ ಅರ್ಧ ಗಂಟೆ. ಅಷ್ಟರೊಳಗೆ ವಾಂತಿಯಾದರೆ ಇನ್ನೊಮ್ಮೆ ಪೂರ್ತಿ ಡೋಸ್. ಅರ್ಧ ಗಂಟೆ ದಾಟಿದ್ದರೆ ಮತ್ತೆ ಕೊಡುವುದಿಲ್ಲ, ಮುಂದಿನ ಡೋಸ್ ಅದರ ಹೊತ್ತಿಗೇ. ಇಡೀ ಮಾತ್ರೆ ಹಾಗೇ ಹೊರಗೆ ಬಂದು ಕಣ್ಣಿಗೆ ಕಂಡರೆ ಅದು ಬೇರೆ ಮಾತು. ಆಗ ಅನುಮಾನವೇ ಇಲ್ಲ, ಆ ಡೋಸ್ ಒಳಗೆ ಹೋಗಿಲ್ಲ.

ಆದರೆ ಸಿರಪ್ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಟವೆಲ್ ತುಂಬಾ ಗುಲಾಬಿ ಬಣ್ಣ ಇದ್ದರೆ "ಎಲ್ಲಾ ಬಂದುಬಿಟ್ಟಿದೆ" ಅನಿಸುತ್ತದೆ. ಎರಡು ಹನಿ ಬಣ್ಣ ಸಾಕು, ಹಾಲಿನ ಜೊತೆ ಬೆರೆತು ಅಷ್ಟಗಲ ಹರಡಲು. ಬಣ್ಣ ಕಾಣದಿದ್ದರೂ ಔಷಧ ಹೊರಬಂದಿರಬಹುದು. "ಅರ್ಧ ಬಂದಿದೆ, ಹಾಗಾಗಿ ಅರ್ಧ ಕೊಡ್ತೀನಿ" ಅನ್ನುವ ಲೆಕ್ಕ ಹಾಕುವವರು ಜಾಸ್ತಿ. ಎಷ್ಟು ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಗಡಿಯಾರ ಕೇಳುತ್ತೇನೆ, ಬಣ್ಣ ಕೇಳುವುದಿಲ್ಲ. ನುಂಗುವ ಮೊದಲೇ ತುಟಿಯಿಂದ ಉಗುಳಿದ್ದು ವಾಂತಿಯೂ ಅಲ್ಲ, ಅದನ್ನೂ ಬಿಡಿಸಿ ಕೇಳಬೇಕು.

ಒಂದು ಫೋನ್ ಹೇಗೆ ನಡೆಯಿತು ಅಂತ ಹೇಳುತ್ತೇನೆ. ಎರಡು ವರ್ಷದ ಮಗು, ತೂಕ 12 ಕೆಜಿ, ಜ್ವರ. ಅಮ್ಮ ರಾತ್ರಿ 9 ಗಂಟೆಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದ್ದಾರೆ. 10 ನಿಮಿಷದಲ್ಲಿ ಕೆಮ್ಮು ಬಂದು ವಾಂತಿ. "ಬಾಟಲಿ ಕೈಲಿ ಹಿಡ್ಕೊಂಡು ಲೇಬಲ್ ಓದಿ ಹೇಳಿ ಅಮ್ಮ" ಅಂದೆ. ಯಾಕೆಂದರೆ ಒಂದೇ ಹೆಸರಿನ ಸಿರಪ್ 5 ಎಂಎಲ್‌ಗೆ 120 ಮಿಗ್ರಾಂ ಇರುತ್ತದೆ, 250 ಮಿಗ್ರಾಂ ಕೂಡ ಇರುತ್ತದೆ. ಡ್ರಾಪ್ಸ್ ಆದರೆ ಇನ್ನೂ ಗಾಢ. ಅವರದ್ದು 120ರದ್ದು. ಕೊಟ್ಟದ್ದು 7.5 ಎಂಎಲ್, ಅಂದರೆ 180 ಮಿಗ್ರಾಂ. ಕೆಜಿಗೆ 15 ಮಿಗ್ರಾಂ ಲೆಕ್ಕಕ್ಕೆ ಸರಿಯಾಗಿದೆ.

ಇಲ್ಲಿ ನಾನು ಕೆಟ್ಟದ್ದನ್ನೇ ಊಹಿಸಿಕೊಂಡು ಲೆಕ್ಕ ಹಾಕುತ್ತೇನೆ. ಮೊದಲ ಡೋಸ್ ಒಂದು ಹನಿಯೂ ಹೊರಬಂದಿಲ್ಲ, ನಾನು ಮತ್ತೆ ಪೂರ್ತಿ ಕೊಡಿಸುತ್ತಿದ್ದೇನೆ ಅಂದುಕೊಳ್ಳೋಣ. ಒಟ್ಟು 360 ಮಿಗ್ರಾಂ, ಕೆಜಿಗೆ 30. ಬೇರೆ ಕಾಯಿಲೆ ಇಲ್ಲದ ಮಗುವಿಗೆ ಒಂದು ಸಲಕ್ಕೆ ಇದರಿಂದ ಅಪಾಯವಿಲ್ಲ. ಹಾಗಾಗಿ ಮತ್ತೆ ಕೊಡಬಹುದು. ಇದೇ ರಾತ್ರಿಯಿಡೀ ಮರುಕಳಿಸಿದರೆ ಮಾತ್ರ ಲಿವರ್‌ಗೆ ಕಷ್ಟ. ಅದಕ್ಕೆ ಒಂದು ಷರತ್ತು ಹಾಕುತ್ತೇನೆ: 24 ಗಂಟೆಯ ಲೆಕ್ಕದಲ್ಲಿ ವಾಂತಿಯಾದ ಡೋಸ್ ಕೂಡ ಒಂದು ಅಂತಲೇ ಎಣಿಸಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಡೋಸ್ ಇಲ್ಲ. ಅಂದರೆ ಆ ಅಮ್ಮನ ಪಾಲಿಗೆ ಇನ್ನು ಎರಡೇ ಉಳಿದವು. ಸ್ವಲ್ಪ ಬಿಗಿ ಅನಿಸಬಹುದು, ಆದರೆ ನನಗೆ ಇದೇ ನೆಮ್ಮದಿ.

ತಕ್ಷಣ ಬಾಯಿಗೆ ಹಿಡಿಯಬೇಡಿ ಅಂದೆ. ಆಗತಾನೆ ವಾಂತಿ ಮಾಡಿದ ಹೊಟ್ಟೆ ಮತ್ತೆ ಎತ್ತಿ ಹಾಕುತ್ತದೆ. ಕಾಲು ಗಂಟೆ ಸುಮ್ನೆ ಎದೆಗೆ ಒರಗಿಸಿಕೊಂಡು ಕೂತರು. 9:30ಕ್ಕೆ ಸೂಜಿಯಿಲ್ಲದ ಸಿರಿಂಜ್‌ನಿಂದ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟರು, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ನಾಲಿಗೆಯ ಹಿಂಭಾಗಕ್ಕೆ ಚಿಮ್ಮಿಸಿದರೆ ಓಕರಿಕೆ ಬಂದೇ ಬರುತ್ತದೆ. ಉಳಿಯಿತು. ಮುಂದಿನ ಡೋಸ್‌ನ ಗಡಿಯಾರ 9:30ರಿಂದ ಶುರು, ಆರು ಗಂಟೆ ಬಿಟ್ಟು, ಅದೂ ಜ್ವರದಿಂದ ಮಗು ಒದ್ದಾಡುತ್ತಿದ್ದರೆ ಮಾತ್ರ. ಬಾಟಲಿಯ ಮೇಲೆ ಟೇಪ್ ಅಂಟಿಸಿ 9:00 ಮತ್ತು 9:30 ಎರಡನ್ನೂ ಬರೆಯಿರಿ ಅಂದೆ. ಮಧ್ಯರಾತ್ರಿ ಮಗುವಿನ ಅಪ್ಪ ಎದ್ದು ಗೊತ್ತಿಲ್ಲದೆ ಇನ್ನೊಂದು ಸಲ ಕೊಡಬಾರದು, ಅಲ್ವಾ?

ಆ ಎರಡನೆಯದೂ ವಾಂತಿಯಾಗಿದ್ದರೆ? ಮೂರನೆಯದು ಇಲ್ಲ. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಎರಡು ಸಲವೂ ಎಷ್ಟೆಷ್ಟು ಒಳಗೆ ಉಳಿಯಿತು ಅಂತ ತಿಳಿಯದೆ ಮೂರನೆಯದನ್ನು ಸೇರಿಸುವ ಹಾಗಿಲ್ಲ. ಡಾಕ್ಟರ್ ಗುದದ್ವಾರದಲ್ಲಿ ಇಡುವ ಸಪೋಸಿಟರಿ ಸೂಚಿಸಬಹುದು. ಅದರಲ್ಲೂ ಪ್ಯಾರಾಸಿಟಮಾಲೇ ಇರುವುದರಿಂದ ಹಿಂದಿನ ಎರಡು ಡೋಸ್‌ಗಳ ಲೆಕ್ಕ ಅವರಿಗೆ ಹೇಳಲೇಬೇಕು. ಪ್ಯಾರಾಸಿಟಮಾಲ್ ಉಳಿಯುತ್ತಿಲ್ಲ ಅಂತ ಐಬುಪ್ರೊಫೆನ್ ಕಡೆ ಹೊರಳುವವರೂ ಇದ್ದಾರೆ. ವಾಂತಿಯಿಂದ ಒಣಗಿದ ಮಗುವಿಗೆ ಅದು ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದು, ಬೇಡ.

ಈಗ ಔಷಧದ ವಿಷಯ. ಮೇಲಿನ ಅರ್ಧ ಗಂಟೆಯ ನಿಯಮ ಪ್ಯಾರಾಸಿಟಮಾಲ್, ಅಮಾಕ್ಸಿಸಿಲಿನ್, ಭೇದಿಗೆ ಕೊಡುವ ಜಿಂಕ್ ಇಂಥವಕ್ಕೆ ಹೊಂದುತ್ತದೆ. ಒಂದು ಡೋಸ್ ಹೆಚ್ಚಾದರೂ ಮಗು ತಡೆದುಕೊಳ್ಳುತ್ತದೆ ಅನ್ನುವುದೇ ಇದರ ಆಧಾರ. ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ಗೆ ಆ ಆಧಾರವೇ ಇಲ್ಲ. ಅದರಲ್ಲಿ ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ಅಂತರ ಬಹಳ ಕಡಿಮೆ. ಜೊತೆಗೆ ಡಿಗಾಕ್ಸಿನ್ ಜಾಸ್ತಿಯಾದಾಗ ಕಾಣುವ ಮೊದಲ ಲಕ್ಷಣಗಳಲ್ಲಿ ವಾಂತಿಯೂ ಒಂದು. ವಾಂತಿಯಾಯ್ತು ಅಂತ ಮತ್ತೆ ಕೊಟ್ಟರೆ ಕಥೆ ಏನಾಗಬಹುದು ನೋಡಿ. ಐದು ನಿಮಿಷದಲ್ಲೇ ವಾಂತಿಯಾದರೂ ಡಾಕ್ಟರನ್ನು ಕೇಳದೆ ಅದನ್ನು ಮತ್ತೆ ಕೊಡುವಂತಿಲ್ಲ. ಮಾರ್ಫಿನ್‌ನಂಥ ನೋವಿನ ಔಷಧ, ಕ್ಯಾನ್ಸರ್ ಮಾತ್ರೆಗಳು, ಕಸಿ ಮಾಡಿಸಿಕೊಂಡ ಮಕ್ಕಳ ಟ್ಯಾಕ್ರೊಲಿಮಸ್ ಕೂಡ ಇದೇ ಸಾಲಿಗೆ ಸೇರುತ್ತವೆ. ಮೂರ್ಛೆ ರೋಗದ ಔಷಧದಲ್ಲಿ ಎರಡೂ ಕಡೆ ಅಪಾಯ: ತಪ್ಪಿದರೆ ಫಿಟ್ಸ್ ಬರಬಹುದು, ಹೆಚ್ಚಾದರೆ ಮಂಪರು. ಇವುಗಳಿಗೆ ಅದನ್ನು ಬರೆದುಕೊಟ್ಟ ಡಾಕ್ಟರ್‌ಗೆ ಆಗಲೇ ಫೋನ್ ಮಾಡಬೇಕು, ಬೆಳಿಗ್ಗೆವರೆಗೆ ಕಾಯುವಂತಿಲ್ಲ.

ಮಲೇರಿಯಾ ಮಾತ್ರೆ ಇದಕ್ಕೆ ಉಲ್ಟಾ. ಆರ್ಟಿಮೀಥರ್-ಲ್ಯೂಮಿಫ್ಯಾಂಟ್ರಿನ್ ಕೊಟ್ಟು ಒಂದು ಗಂಟೆಯೊಳಗೆ ವಾಂತಿಯಾದರೆ ಪೂರ್ತಿ ಡೋಸ್ ಮತ್ತೆ ಕೊಡಬೇಕು. ಅಲ್ಲಿ ಕಡಿಮೆಯಾಗುವುದೇ ದೊಡ್ಡ ಅಪಾಯ. ಕೋರ್ಸ್‌ನಲ್ಲಿ ಒಂದು ಡೋಸ್ ಕಡಿಮೆ ಬೀಳುತ್ತದೆ, ಹಾಗಾಗಿ ಇನ್ನೊಂದನ್ನು ಕೇಳಿ ಪಡೆಯಬೇಕು.

ಕೊನೆಗೆ ಮಗು. ಕಹಿಗೋ ಕೆಮ್ಮಿಗೋ ಒಮ್ಮೆ ಕಕ್ಕಿ, ಆಮೇಲೆ ಆಟವಾಡುವ ಮಗು ಬೇರೆ. ಔಷಧ ಇಲ್ಲದೆಯೂ ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದ ಮಗು ಬೇರೆ. ಎರಡನೆಯದರಲ್ಲಿ ಡೋಸ್ ಪ್ರಶ್ನೆ ಬದಿಗಿಟ್ಟು ಓಆರ್‌ಎಸ್ ಚಮಚ ಚಮಚವಾಗಿ ಶುರು ಮಾಡಿಸುತ್ತೇನೆ. ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಎಂಟು ಗಂಟೆಯಾದರೂ ಮೂತ್ರ ಮಾಡದಿದ್ದರೆ ನಾನು ಕೇಳುವ ಮಾತು ಒಂದೇ: "ಎಷ್ಟು ಬೇಗ ಆಸ್ಪತ್ರೆಗೆ ಬರೋಕಾಗುತ್ತೆ? ಬಾಟಲಿನೂ ತನ್ನಿ."