ಉದ್ರಿ ಪುಸ್ತಕದಿಂದ ಲಾಭ-ನಷ್ಟ ಖಾತೆಯವರೆಗೆ: ಒಂದು ಕಿರಾಣಿ ಅಂಗಡಿಯ ಲೆಕ್ಕ

ಕಿರಾಣಿ ಅಂಗಡಿಯ ಮಾಲೀಕರೊಬ್ಬರು 2024ರ ಮಾರ್ಚ್‌ನಲ್ಲಿ ನನ್ನ ಬಳಿ ಬಂದರು. ಸಾಲಕ್ಕಾಗಿ ಬ್ಯಾಂಕಿನವರು ವರ್ಷದ ಲೆಕ್ಕಪತ್ರ ಕೇಳಿದ್ದರು. ಅವರ ಬಳಿ ಇದ್ದದ್ದು ಉದ್ರಿ ಪುಸ್ತಕ, ಸಗಟು ವ್ಯಾಪಾರಿಗಳ ಬಿಲ್ಲುಗಳ ಕಟ್ಟು ಮತ್ತು ಬ್ಯಾಂಕ್ ಪಾಸ್‌ಬುಕ್. ದಿನದ ನಗದು ಮಾರಾಟವನ್ನು ಎಲ್ಲೂ ಬರೆದಿರಲಿಲ್ಲ.

ಇಂಥ ಲೆಕ್ಕಕ್ಕೆ ದಾರಿ ಸ್ಥಿತಿ ವಿವರಣಾ ಪಟ್ಟಿ. ವರ್ಷದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅಂಗಡಿಯ ಆಸ್ತಿಗಳಿಂದ ಸಾಲಗಳನ್ನು ಕಳೆದರೆ ಎರಡೂ ದಿನದ ಬಂಡವಾಳ ಸಿಗುತ್ತದೆ. ಆ ವ್ಯತ್ಯಾಸದಿಂದ ಲಾಭಕ್ಕೆ ಬರುತ್ತೇವೆ.

ಆರಂಭದ ದಾಸ್ತಾನು ತಿಳಿಯುವುದೇ ಕಷ್ಟ. ಅದೃಷ್ಟಕ್ಕೆ 2023ರ ಮಾರ್ಚ್ ಕೊನೆಯಲ್ಲಿ ವಿಮೆಗೆಂದು ಮಾಡಿದ್ದ ಸರಕಿನ ಪಟ್ಟಿ ಅವರ ಬಳಿ ಉಳಿದಿತ್ತು: 3,20,000 ರೂಪಾಯಿ. ನಗದು, ಬ್ಯಾಂಕ್ ಸೇರಿ 50,000, ಬರಬೇಕಾದ ಉದ್ರಿ 95,000, ಕಪಾಟು-ತಕ್ಕಡಿಗಳು 60,000. ಸಗಟು ವ್ಯಾಪಾರಿಗಳಿಗೆ ಕೊಡಬೇಕಾದ 1,45,000 ಕಳೆದರೆ ಬಂಡವಾಳ 3,80,000.

2024ರ ಮಾರ್ಚ್ 31 ಭಾನುವಾರ. ಅಂಗಡಿ ಮುಚ್ಚಿ ಇಬ್ಬರೂ ಕುಳಿತು ಸರಕು ಎಣಿಸಿದೆವು. ಅವರು ಮೊದಲು ಪೊಟ್ಟಣದ ಮೇಲಿನ ಬೆಲೆಯನ್ನೇ ಬರೆಯುತ್ತಿದ್ದರು. ನಾನು ತಡೆದು ಖರೀದಿ ಬಿಲ್ಲಿನ ದರ ಹಾಕಿಸಿದೆ. ಮಾರುವ ಬೆಲೆ ಹಾಕಿದ್ದರೆ ಇನ್ನೂ ಮಾರದ ಸರಕಿನ ಲಾಭವೂ ಈ ವರ್ಷದ್ದಾಗಿಬಿಡುತ್ತಿತ್ತು. ದಾಸ್ತಾನು 3,60,000 ಬಂತು. ನಗದು, ಬ್ಯಾಂಕ್ 67,000. ಉದ್ರಿ 1,32,000 ಇತ್ತು, ಆದರೆ ಅದರಲ್ಲಿ 12,000 ಊರು ಬಿಟ್ಟುಹೋದವರದು. ಅದನ್ನು ಕೈಬಿಟ್ಟು 1,20,000 ಇಟ್ಟೆ. ಕಪಾಟುಗಳಿಗೆ ಶೇ. 10 ಸವಕಳಿ ಕಳೆದು 54,000. ಸಗಟು ಬಾಕಿ 1,56,000, ಒಂದು ತಿಂಗಳ ಬಾಡಿಗೆ ಬಾಕಿ 5,000. ಬಂಡವಾಳ 4,40,000.

ವರ್ಷದ ನಡುವೆ ಅವರ ತಂದೆ 50,000 ಕೊಟ್ಟಿದ್ದರು. ಅದು ಲಾಭವಲ್ಲ, ಕಳೆಯಬೇಕು. ಮನೆಗೆ ತೆಗೆದದ್ದನ್ನು ಕೂಡಬೇಕು. ಎಷ್ಟು ತೆಗೆದಿರಿ ಎಂದು ಕೇಳಿದೆ. "ತಿಂಗಳಿಗೆ ಹತ್ತು ಸಾವಿರ ಸಾರ್, ಅಷ್ಟೇ" ಎಂದರು. ಹಾಗಾದರೆ 4,40,000ಕ್ಕೆ 1,20,000 ಕೂಡಿ, 50,000 ಮತ್ತು 3,80,000 ಕಳೆದು ಲಾಭ 1,30,000.

ಪಠ್ಯಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಾನು ಇಲ್ಲಿ ನಿಲ್ಲಿಸುವುದಿಲ್ಲ, ಏಕೆಂದರೆ ಆ ಹತ್ತು ಸಾವಿರ ಬರೀ ಬಾಯಿಮಾತು, ಲಾಭದ ಅಂಕಿ ಪೂರ್ತಿ ಅದರ ಮೇಲೆ ನಿಂತಿದೆ. ಹಾಗಾಗಿ ವ್ಯಾಪಾರ ಖಾತೆ ಕಟ್ಟಲು ಹೊರಟೆ. ಸಗಟು ವ್ಯಾಪಾರಿಗಳಿಗೆ ಕೊಟ್ಟ 25,20,000ಕ್ಕೆ ಕೊನೆಯ ಬಾಕಿ ಕೂಡಿ ಆರಂಭದ ಬಾಕಿ ಕಳೆದರೆ ಖರೀದಿ 25,31,000. ದಾಸ್ತಾನಿನ ವ್ಯತ್ಯಾಸ ತೆಗೆದರೆ ಮಾರಿದ ಸರಕಿನ ಅಸಲು 24,91,000. ಬಾಡಿಗೆ 60,000, ವಿದ್ಯುತ್, ಹಮಾಲಿ ಇತ್ಯಾದಿ 24,000, ಸವಕಳಿ 6,000, ಮುಳುಗಿದ ಉದ್ರಿ 12,000 ಸೇರಿ ಖರ್ಚು 1,02,000. ಲಾಭಕ್ಕೆ ಇದನ್ನು ಕೂಡಿದರೆ ಒಟ್ಟು ಲಾಭ 2,32,000, ಅದಕ್ಕೆ ಅಸಲು ಕೂಡಿದರೆ ಮಾರಾಟ 27,23,000. ಅಂದರೆ ಒಟ್ಟು ಲಾಭ ಮಾರಾಟದ ಮೇಲೆ ಶೇ. 8.5.

ಹೆಚ್ಚು ಮಾರಾಟವಾಗುವ ಇಪ್ಪತ್ತು ಸರಕುಗಳ ಖರೀದಿ ಬಿಲ್ಲನ್ನೂ ಮಾರುವ ಬೆಲೆಯನ್ನೂ ಹೋಲಿಸಿ, ಯಾವುದು ಎಷ್ಟು ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೆ ಶೇ. 12ರ ಆಸುಪಾಸು ಬರುತ್ತಿತ್ತು. ನಡುವಿನ ಹಣ ಎಲ್ಲಿ ಹೋಯಿತು?

ಉತ್ತರ ಕೊಟ್ಟವರು ಅವರ ಹೆಂಡತಿ. "ಮನೆಗೆ ಅಕ್ಕಿ, ಬೇಳೆ, ಎಣ್ಣೆ ಬೇರೆ ಎಲ್ಲಿಂದ ತರುತ್ತೇವೆ?" ಎಂದರು. ತಿಂಗಳಿಗೆ ಸುಮಾರು 4,000ದಂತೆ, ಅಸಲು ಬೆಲೆಯಲ್ಲಿ, 48,000. ಆಮೇಲೆ ಒಂದೊಂದೇ ಹೊರಬಂತು: ಗಲ್ಲಾಪೆಟ್ಟಿಗೆಯಿಂದಲೇ ಮಕ್ಕಳ ಶಾಲಾ ಶುಲ್ಕ 36,000, ಜೀವವಿಮೆಯ ಕಂತು 24,000. ಮುಚ್ಚಿಡುವ ಉದ್ದೇಶ ಅವರಿಗೆ ಇರಲಿಲ್ಲ. ಅದೂ ಅಂಗಡಿ ಲೆಕ್ಕ ಎಂದು ಅನ್ನಿಸಿರಲೇ ಇಲ್ಲ.

ಮನೆಗೆ ಹೋದ ಸರಕನ್ನು ಖರೀದಿಯಿಂದ ಕಳೆದೆ. ಅಸಲು 24,43,000ಕ್ಕೆ ಇಳಿಯಿತು. ನಗದಾಗಿ ತೆಗೆದ ಆ 60,000 ದಾಖಲಾಗದ ನಗದು ಮಾರಾಟವಾಗಿತ್ತು. ಎರಡೂ ಸೇರಿ 1,08,000 ಮನೆಗೆ ತೆಗೆದದ್ದಕ್ಕೆ ಕೂಡಿದಾಗ ನಿವ್ವಳ ಲಾಭ 2,38,000, ಒಟ್ಟು ಲಾಭ 3,40,000, ಮಾರಾಟ 27,83,000. ಪ್ರಮಾಣ ಶೇ. 12.2. ಈಗ ಅಂಕಿ ಅಂಗಡಿಯ ಜೊತೆ ಮಾತಾಡಿತು.

ಉದ್ರಿ ಪುಸ್ತಕದಲ್ಲಿ ವಸೂಲಿ 4,60,000 ಇತ್ತು. ಅದಕ್ಕೆ ಕೊನೆಯ ಉದ್ರಿ, ಮುಳುಗಿದ ಉದ್ರಿ ಕೂಡಿ ಆರಂಭದ್ದನ್ನು ಕಳೆದರೆ ಉದ್ರಿ ಮಾರಾಟ 4,97,000. ಉಳಿದ 22,86,000 ನಗದು ಮಾರಾಟ. ನಗದು ಖಾತೆಗೆ ಹಾಕಿ ನೋಡಿದರೆ ಕೊನೆಯಲ್ಲಿ 67,000 ಸರಿಯಾಗಿ ಉಳಿಯಿತು. ಆದರೆ ಈ ತಾಳೆಯನ್ನು ನಾನು ಪುರಾವೆಯೆಂದು ಎಣಿಸುವುದಿಲ್ಲ. ನಗದು ಮಾರಾಟವೇ ಉಳಿಕೆಯಿಂದ ಬಂದ ಅಂಕಿಯಾದ್ದರಿಂದ ಅದು ಎಂದೂ ತಾಳೆಯಾಗಲೇಬೇಕು. ಮೊದಲಿನ ತಪ್ಪು ಲೆಕ್ಕವೂ ಹಾಗೆಯೇ ತಾಳೆಯಾಗುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷೆ ಆ ಇಪ್ಪತ್ತು ಸರಕುಗಳದು ಮಾತ್ರ. ಬ್ಯಾಂಕಿಗೆ ಕೊಟ್ಟ ಪತ್ರದ ಟಿಪ್ಪಣಿಯಲ್ಲಿ ಆರಂಭದ ದಾಸ್ತಾನಿನ ಮೂಲವನ್ನೂ ಮನೆಖರ್ಚು ಅಂದಾಜಿನದೆಂಬುದನ್ನೂ ಬರೆದೆ.

ಜೂನ್‌ನಲ್ಲಿ ಆ ಅಂಗಡಿಗೆ ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಗೆ ಒಂದು ಪುಸ್ತಕ ತೂಗುತ್ತಿತ್ತು. ಮೇಲಿನ ಸಾಲು ಅವರ ಹೆಂಡತಿಯ ಅಕ್ಷರದಲ್ಲಿತ್ತು: ತೊಗರಿಬೇಳೆ 2 ಕಿಲೋ, ಮನೆಗೆ.