ತಪ್ಪು ನುಸುಳುವ ನಿಮಿಷ ಹಿಡಿಯಿರಿ, ಪಾಳಿಯನ್ನು ಹಾಗೆ ತುಂಡು ಮಾಡಿ

ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ಆಸ್ಪತ್ರೆ ವಿಮೆಯ ಕ್ಲೇಮ್ ಅರ್ಜಿಗಳನ್ನು ನೋಡಿ ಕಂಪ್ಯೂಟರಿಗೆ ತುಂಬಿಸುವ ಕೆಲಸ ಎಂದಿಟ್ಟುಕೊಳ್ಳಿ. ಒಂದು ಅರ್ಜಿಗೆ ಸುಮಾರು ಐದು ನಿಮಿಷ ಬೇಕು. ಬೆಳಿಗ್ಗೆ ಎಲ್ಲವೂ ಸರಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ 6,840 ರೂಪಾಯಿ 8,640 ಆಗುತ್ತದೆ, ದಿನಾಂಕದಲ್ಲಿ ತಿಂಗಳು ಮುಂದೆ ಬಂದು ಕೂರುತ್ತದೆ. ತಪ್ಪು ಹಿಡಿಯುವ ಗುಣಮಟ್ಟ ಪರಿಶೀಲನೆಯ ತಂಡ, ಅಂದರೆ ಕ್ಯೂಸಿಯಿಂದ ಅರ್ಜಿ ವಾಪಸ್ ಬರುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ 25 ನಿಮಿಷ ಕೆಲಸ, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಸೂತ್ರ. ಅದನ್ನು ಕಣ್ಣುಮುಚ್ಚಿ ಅನುಸರಿಸುವ ಅಗತ್ಯವಿಲ್ಲ. ತುಂಡಿನ ಅಳತೆಯನ್ನು ನಿಮ್ಮ ತಪ್ಪುಗಳೇ ಹೇಳುತ್ತವೆ.

ಮೊದಲು ಒಂದು ವಾರದ ಕ್ಯೂಸಿ ವರದಿಯನ್ನು ನಿಮ್ಮ ಟೀಮ್ ಲೀಡರ್, ಅಂದರೆ ಟಿಎಲ್ ಅವರಿಂದ ಕೇಳಿ ಪಡೆಯಿರಿ. ವಾಪಸ್ ಬಂದ ಪ್ರತಿ ಅರ್ಜಿಯನ್ನು ಯಾವ ಗಂಟೆಗೆ ಸಲ್ಲಿಸಿದ್ದೀರಿ ಎಂಬುದು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಆ ಅರ್ಜಿ ನೀವು ಕುರ್ಚಿಯಲ್ಲಿ ಕುಳಿತ ಎಷ್ಟನೇ ನಿಮಿಷದ್ದು ಎಂದು ಲೆಕ್ಕ ಹಾಕಿ, ಹತ್ತು ಹತ್ತು ನಿಮಿಷದ ಗುಂಪು ಮಾಡಿ. ನಲವತ್ತನೇ ನಿಮಿಷ ದಾಟಿದ ಮೇಲೆ ತಪ್ಪುಗಳು ಗುಂಪಾಗಿ ಕಂಡರೆ ನಿಮ್ಮ ತುಂಡು 40 ನಿಮಿಷದ್ದು. ಕುಳಿತ ಮೊದಲ ಹತ್ತು ನಿಮಿಷದಲ್ಲೇ ತಪ್ಪು ಹೆಚ್ಚಿದ್ದರೆ ಅದು ಆಯಾಸವಲ್ಲ, ಕೈ ಇನ್ನೂ ಹದಕ್ಕೆ ಬಂದಿಲ್ಲ. ಸುಲಭದ ಅರ್ಜಿಯಿಂದ ಶುರುಮಾಡಿ, ಮೊದಲನೆಯದನ್ನು ಇನ್ನೊಮ್ಮೆ ನೋಡಿ. ಹೊತ್ತಿನ ಹಂಗಿಲ್ಲದೆ ಒಂದೇ ಕಾಲಂ ಯಾವಾಗಲೂ ತಪ್ಪುತ್ತಿದ್ದರೆ ಎಷ್ಟು ಬಿಡುವು ಕೊಟ್ಟರೂ ಸರಿಹೋಗದು. ಅಲ್ಲಿ ನಿಯಮವೇ ಗೊಂದಲದ್ದಾಗಿದೆ, ಟಿಎಲ್ ಅವರಿಂದ ಸ್ಪಷ್ಟ ಮಾಡಿಸಿಕೊಳ್ಳಬೇಕು.

ಇನ್ನು ಪಾಳಿಯನ್ನು ಹರಡಿ ನೋಡೋಣ. ಹತ್ತರಿಂದ ಏಳರವರೆಗಿನ ಒಂಬತ್ತು ಗಂಟೆಯಲ್ಲಿ ಊಟಕ್ಕೆ ಒಂದು ಗಂಟೆ, ಎರಡು ಟೀ ವಿರಾಮಕ್ಕೆ ಅರ್ಧ ಗಂಟೆ ಹೋದರೆ 450 ನಿಮಿಷ ಉಳಿಯುತ್ತದೆ. ಊಟಕ್ಕೆ ಮೊದಲು 40 ನಿಮಿಷದ ನಾಲ್ಕು ತುಂಡು, ಊಟವಾದ ಮೇಲೆ ಕಣ್ಣು ಎಳೆಯುವ ಹೊತ್ತಿಗೆ 30 ನಿಮಿಷದ ಮೂರು, ಸಂಜೆಯ ಟೀ ನಂತರ ಮತ್ತೆ 40ರ ಮೂರು, ಆಮೇಲೆ 30ರ ಒಂದು. ಕೊನೆಯ ಹದಿನೈದು ನಿಮಿಷ ಹೊಸ ಅರ್ಜಿ ತೆರೆಯದೆ ಬಾಕಿ ನೋಡಲು. ಟೀ, ಊಟ ಬಾರದ ಏಳು ಕಡೆ ಐದೈದು ನಿಮಿಷದ ಬಿಡುವು ಬೀಳುತ್ತದೆ, ಒಟ್ಟು 35 ನಿಮಿಷ.

ಅಂದರೆ ಏಳು ಅರ್ಜಿ ಕಡಿಮೆ. ಟಿಎಲ್ ಕೇಳುವ ಮೊದಲ ಪ್ರಶ್ನೆ ಇದೇ. ವಾಪಸ್ ಬಂದ ಒಂದು ಅರ್ಜಿಯನ್ನು ಹುಡುಕಿ, ತಿದ್ದಿ, ಮತ್ತೆ ಕಳಿಸಲು ಎಂಟು ನಿಮಿಷ ಬೇಕೆಂದಾದರೆ, ದಿನಕ್ಕೆ ನಾಲ್ಕೈದು ವಾಪಸಾತಿ ತಪ್ಪಿದರೆ ಲೆಕ್ಕ ಸರಿಹೋಯಿತು. ತಪ್ಪದಿದ್ದರೆ ನಷ್ಟವೇ. ಹಾಗಾಗಿ ಎರಡು ವಾರ ಪ್ರಯೋಗಕ್ಕೆ ಅನುಮತಿ ಕೇಳಿ, ಮೊದಲಿನ ವಾರದ ಅಂಕಿಯೊಂದಿಗೆ ಹೋಲಿಸಿ ತೋರಿಸುವುದು ಜಾಣತನ. ಅಮೆರಿಕದ ತೆರಿಗೆ ಇಲಾಖೆಯ ಡೇಟಾ ಎಂಟ್ರಿ ಸಿಬ್ಬಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಇದ್ದ ವಿರಾಮದ ಜೊತೆಗೆ ಗಂಟೆಗೊಮ್ಮೆ ಐದು ನಿಮಿಷ ಕೊಟ್ಟಾಗ ಕಣ್ಣು ಮತ್ತು ಮೈಕೈ ನೋವು ಕಡಿಮೆಯಾಯಿತು, ಕೆಲಸದ ಪ್ರಮಾಣ ಕುಗ್ಗಲಿಲ್ಲ ಎಂಬುದನ್ನೂ ಹೇಳಬಹುದು.

ಹಲವು ಕಚೇರಿಗಳಲ್ಲಿ ಮೊಬೈಲ್ ಲಾಕರ್‌ನಲ್ಲಿರುತ್ತದೆ, ಮೇಜಿನ ಮೇಲೆ ಚೀಟಿಯೂ ಇಡುವಂತಿಲ್ಲ. ಅಲಾರಂ ಎಲ್ಲಿಂದ ತರುವುದು? ಅರ್ಜಿ ಎಣಿಸಿ. ಎಂಟು ಅರ್ಜಿ ಎಂದರೆ 40 ನಿಮಿಷ. ಆದರೆ ಎಂಟು ಮುಗಿಸುವ ಅವಸರಕ್ಕೆ ಬೀಳುವ ಅಪಾಯವಿದೆ, ಆದ್ದರಿಂದ ಪರದೆಯ ಮೂಲೆಯ ಗಡಿಯಾರವನ್ನೂ ನೋಡಿ, ಯಾವುದು ಮೊದಲು ಬರುತ್ತದೋ ಅಲ್ಲಿಗೆ ನಿಲ್ಲಿಸಿ. ನಿಲ್ಲುವುದು ಮಾತ್ರ ಅರ್ಜಿಯ ಕೊನೆಯಲ್ಲಿ. ಅರ್ಧಕ್ಕೆ ಬಿಟ್ಟು ಎದ್ದರೆ ಮರಳಿದಾಗ ಒಂದು ಸಾಲು ಹಾರಿಹೋಗುವುದು ಬಹುತೇಕ ಖಚಿತ.

ಐದು ನಿಮಿಷದಲ್ಲಿ ಪ್ಯಾಂಟ್ರಿಗೆ ಹೋಗಬೇಡಿ. ಕಾಫಿ ಯಂತ್ರದ ಮುಂದಿನ ಸಾಲಿನಲ್ಲೇ ಹತ್ತು ನಿಮಿಷ ಕಳೆಯುತ್ತದೆ. ಕಾಫಿಯನ್ನು ದೊಡ್ಡ ವಿರಾಮಕ್ಕೆ ಇಟ್ಟುಕೊಳ್ಳಿ. Windows + L ಒತ್ತಿ, ಎದ್ದು, ಕಿಟಕಿಯವರೆಗೆ ನಡೆದು ಮೇಲ್ಸೇತುವೆಯ ಮೇಲಿನ ವಾಹನಗಳನ್ನು ನೋಡಿದರೆ ಸಾಕು. ಹತ್ತಿರದ ಅಕ್ಷರಕ್ಕೆ ಬಿಗಿದುಕೊಂಡ ಕಣ್ಣಿನ ಸ್ನಾಯು ದೂರ ನೋಡಿದಾಗಲೇ ಸಡಿಲಾಗುವುದು. ಮೊಬೈಲ್ ಕೈಯಲ್ಲಿದ್ದರೂ ರೀಲ್ಸ್ ನೋಡಿದರೆ ಆ ಬಿಡುವು ಕಣ್ಣಿನ ಪಾಲಿಗೆ ಇಲ್ಲದಂತೆಯೇ.

ನಿಗದಿತ ಹೊತ್ತಿಗೆ ಮೊದಲೇ ಏಳಬೇಕಾದ ಸೂಚನೆಗಳೂ ಉಂಟು. ಒಂದೇ ಸಾಲನ್ನು ಎರಡನೇ ಸಲ ಓದುವುದು, ಬ್ಯಾಕ್‌ಸ್ಪೇಸ್ ಮೇಲೆ ಬೆರಳು ಪದೇ ಪದೇ ಹೋಗುವುದು, ಹಿಂದಿನ ರೋಗಿಯ ಊರನ್ನೇ ಈ ಅರ್ಜಿಗೂ ತುಂಬುವುದು. ಮೂರನೆಯದು ಕಂಡರೆ ತಡಮಾಡದೆ ಏಳಿ, ಬಂದ ಮೇಲೆ ಅದಕ್ಕಿಂತ ಹಿಂದಿನ ಎರಡು ಅರ್ಜಿಗಳನ್ನೂ ತೆರೆದು ನೋಡಿ. ರಾತ್ರಿ ಪಾಳಿಯವರಿಗೆ ಮುಂಜಾವದ ಮೂರರಿಂದ ಐದು ಗಂಟೆಯ ನಡುವೆ ಇದು ಹೆಚ್ಚು, ಆಗ ತುಂಡು 25 ನಿಮಿಷಕ್ಕೆ ಇಳಿದರೂ ಸರಿಯೇ. ಹೆಚ್ಚು ಮೊತ್ತದ ಕ್ಲೇಮ್‌ಗಳನ್ನು ಆ ಹೊತ್ತಿಗೆ ಉಳಿಸಿಕೊಳ್ಳದೆ ಪಾಳಿಯ ಮೊದಲ ಎರಡು ತುಂಡುಗಳಲ್ಲೇ ಮುಗಿಸಿಬಿಡಿ.