ಒಂದೇ ಖರೀದಿಗೆ ಒಂದು ಕಾರ್ಡ್ ನಂಬರ್: ಮಿತಿ ಎಷ್ಟು ಹಾಕಬೇಕು?

ಹೊಸ ವೆಬ್‌ಸೈಟಿನಲ್ಲಿ ನಿಮ್ಮ ಅಸಲಿ ಕಾರ್ಡ್ ನಂಬರ್ ಹಾಕಲು ಕೈ ಹಿಂಜರಿಯುತ್ತದೆ, ಅಲ್ವಾ? ಒಂದು ಸಲ ಮಾತ್ರ ನಡೆಯುವ ವರ್ಚುವಲ್ ಕಾರ್ಡ್ ಇರುವುದೇ ಇಂಥ ಕಡೆಗೆ. ಅದರ ನಂಬರ್ ಬೇರೆ, ಹಣ ಹೋಗುವುದು ನಿಮ್ಮದೇ ಖಾತೆಯಿಂದ. ಅಂಗಡಿಯವರಿಗೆ ಅಸಲಿ ನಂಬರ್ ಕಾಣುವುದೇ ಇಲ್ಲ.

ಮೊದಲು ಕಾರ್ಡ್ ಮಾಡಲು ಹೋಗಬೇಡಿ. ಬೇಕಾದ್ದನ್ನು ಕಾರ್ಟಿಗೆ ಹಾಕಿ, ವಿಳಾಸ ತುಂಬಿ, ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ. ವಸ್ತುವಿನ ಬೆಲೆ 2,000 ಇದ್ದರೂ ಸಾಗಣೆಗೆ 120, ತೆರಿಗೆಗೆ 180 ಸೇರಿ ಒಟ್ಟು 2,300 ಆಗಿರಬಹುದು. ಮಿತಿ ಹಾಕಬೇಕಾದ್ದು ಈ ಒಟ್ಟು ಮೊತ್ತಕ್ಕೆ. 2,000 ಎಂದು ಹಾಕಿದರೆ ಪೇಮೆಂಟ್ ತಿರಸ್ಕಾರವಾಗುತ್ತದೆ.

ಈಗ ಬ್ಯಾಂಕಿನ ಆ್ಯಪ್ ತೆರೆಯಿರಿ. ಈ ಸೌಲಭ್ಯ ಇದ್ದರೆ ಸಾಮಾನ್ಯವಾಗಿ ಕಾರ್ಡ್‌ಗಳ ವಿಭಾಗದಲ್ಲೇ ಇರುತ್ತದೆ. ವರ್ಚುವಲ್ ಕಾರ್ಡ್, ಅದರಲ್ಲಿ ಒಂದೇ ಬಳಕೆಯದ್ದು ಆರಿಸಿ, ಮಿತಿ ಬರೆದು, ಪಿನ್ ಅಥವಾ ಒಟಿಪಿ ಕೊಡಿ. ನಂಬರ್, ಅವಧಿ ಮುಗಿಯುವ ತಿಂಗಳು, ಸಿವಿವಿ ಪರದೆ ಮೇಲೆ ಬರುತ್ತವೆ. ಅವನ್ನು ವೆಬ್‌ಸೈಟಿನಲ್ಲಿ ತುಂಬಿ. ಬಿಲ್ಲಿಂಗ್ ವಿಳಾಸ ಕೇಳಿದರೆ ಬ್ಯಾಂಕಿನಲ್ಲಿ ಇರುವುದನ್ನೇ ಕೊಡಿ.

ಮಾರುವವರ ಬೆಲೆ ಬೇರೆ ಕರೆನ್ಸಿಯಲ್ಲಿದ್ದರೆ ಮಿತಿಯನ್ನು ಸ್ವಲ್ಪ ಜಾಸ್ತಿ ಇಡಿ. ಪರದೆಯಲ್ಲಿ ಕಾಣುವ ದರಕ್ಕೂ ಬ್ಯಾಂಕ್ ಹಾಕುವ ದರಕ್ಕೂ ವ್ಯತ್ಯಾಸ ಇರುತ್ತದೆ, ಮೇಲೆ ಶುಲ್ಕವೂ ಸೇರಬಹುದು. ನನ್ನ ಲೆಕ್ಕದಲ್ಲಿ ನೂರಕ್ಕೆ ಐದರಷ್ಟು ಬಿಟ್ಟರೆ ಸಾಮಾನ್ಯವಾಗಿ ಸಾಕು. ಅದೇ ಕರೆನ್ಸಿಯಾದರೆ ಸರಿಯಾಗಿ 2,300 ಇಡಿ, ಸುಮ್ನೆ ದೊಡ್ಡ ಮಿತಿ ಯಾಕೆ?

ಮಿತಿ ಸರಿ ಇದ್ದರೂ ಕಾರ್ಡ್ ಕೈಕೊಡುವ ಒಂದು ಸಂದರ್ಭವಿದೆ. ಎರಡು ವಸ್ತು ಒಟ್ಟಿಗೆ ಆರ್ಡರ್ ಮಾಡಿದ್ದೀರಿ, ಒಂದು 1,400, ಇನ್ನೊಂದು 900. ಕೆಲವು ಅಂಗಡಿಗಳು ಪೊಟ್ಟಣ ಹೊರಟಾಗಲೇ ಹಣ ತೆಗೆದುಕೊಳ್ಳುತ್ತವೆ, ಅದೂ ಒಂದೊಂದು ಪೊಟ್ಟಣಕ್ಕೆ ಬೇರೆ ಬೇರೆಯಾಗಿ. 1,400 ಹೋದ ಕೂಡಲೇ ಕಾರ್ಡ್ ಮುಚ್ಚಿಕೊಳ್ಳುತ್ತದೆ. ಮಿತಿಯಲ್ಲಿ 900 ಉಳಿದಿದ್ದರೂ ಎರಡನೇ ಪೇಮೆಂಟ್ ನಡೆಯುವುದಿಲ್ಲ. ಕಾರ್ಡ್ ಅಸಲಿಯೇ ಎಂದು ನೋಡಲು ಮೊದಲು ಸಣ್ಣ ಮೊತ್ತ ಹಿಡಿದಿಡುವ ಅಂಗಡಿಗಳಲ್ಲೂ ಕೆಲವೊಮ್ಮೆ ಇದೇ ಗತಿ. ಆ್ಯಪಿನಲ್ಲಿ ಕಾರ್ಡ್ ‘ಬಳಸಲಾಗಿದೆ’ ಅಂತ ತೋರಿಸುತ್ತಿದ್ದು, ಹೋದ ಮೊತ್ತ ನಿಮ್ಮ ಬಿಲ್ಲಿಗಿಂತ ಕಡಿಮೆ ಇದ್ದರೆ ಹೀಗಾಗಿದೆ ಎಂದು ತಿಳಿಯಿರಿ. ಅಂಥ ಕಡೆ ಒಂದೊಂದು ವಸ್ತುವನ್ನು ಬೇರೆ ಬೇರೆ ಆರ್ಡರ್ ಮಾಡಿ. ಇಲ್ಲವೇ ಒಂದೇ ಅಂಗಡಿಗೆ ಕಟ್ಟಿಹಾಕುವ, ಒಟ್ಟು ಮಿತಿಯಿರುವ ಕಾರ್ಡ್ ನಿಮ್ಮ ಬ್ಯಾಂಕಿನಲ್ಲಿದ್ದರೆ ಅದನ್ನು ಆರಿಸಿ.

ವಸ್ತು ವಾಪಸ್ ಕೊಟ್ಟರೆ ಹಣ ಎಲ್ಲಿಗೆ ಬರುತ್ತದೆ? ಅಂಗಡಿ ಅದನ್ನು ಹಳೇ ವರ್ಚುವಲ್ ನಂಬರಿಗೇ ಕಳಿಸುತ್ತದೆ. ಆ ನಂಬರ್ ಮುಚ್ಚಿದ್ದರೂ ಅದು ಯಾರ ಖಾತೆಯದ್ದು ಎಂಬ ದಾಖಲೆ ಬ್ಯಾಂಕಿನಲ್ಲಿ ಇರುತ್ತದೆ, ಸಾಮಾನ್ಯವಾಗಿ ಹಣ ನಿಮ್ಮ ಖಾತೆಗೇ ಸೇರುತ್ತದೆ. ಆದರೆ ವಿಚಾರಿಸುವಾಗ ಅಂಗಡಿಯವರು ಕಾರ್ಡಿನ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ. ಆ ನಾಲ್ಕನ್ನು ಆರ್ಡರ್ ಸಂಖ್ಯೆಯ ಜೊತೆ ಬರೆದಿಟ್ಟುಕೊಳ್ಳಿ. ಎಷ್ಟೋ ಆ್ಯಪ್‌ಗಳಲ್ಲಿ ಮುಚ್ಚಿದ ಕಾರ್ಡ್ ಆಮೇಲೆ ಕಾಣುವುದಿಲ್ಲ.